ಕ್ಲಿಕ್ ಹೆಚ್ಚಾಯಿತು, ಖರೀದಿ ಹೆಚ್ಚಾಗಲಿಲ್ಲ

ಜಾಹೀರಾತು ಬರೆಯುವುದು ನನ್ನ ಕೆಲಸ. ಮನಸ್ಸಿಗೆ ತಟ್ಟುವ ಸಾಲು ಗೆಲ್ಲುತ್ತದೆಯೋ, ಕಾರಣ ಕೊಡುವ ಸಾಲು ಗೆಲ್ಲುತ್ತದೆಯೋ ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ಕೇಳುತ್ತಲೇ ಇರುತ್ತಾರೆ. ಒಂದು ಬ್ಯಾಕಪ್ ಸೇವೆಗೆ ಬರೆಯುವಾಗ ಇದನ್ನು ಅಳೆದು ನೋಡುವ ಅವಕಾಶ ನನಗೆ ಸಿಕ್ಕಿತು. ಅಲ್ಲಿ ಕಲಿತದ್ದನ್ನು ಹೇಳುತ್ತೇನೆ.

ಆ ಸೇವೆ ಮಾಡುವುದು ಇಷ್ಟೇ. ನಿಮ್ಮ ಕಂಪ್ಯೂಟರ್‌ನಲ್ಲಿರುವ ಫೋಟೋ, ಫೈಲ್‌ಗಳನ್ನು ತಾನಾಗಿಯೇ ಇನ್ನೊಂದು ಕಡೆ ನಕಲು ಮಾಡಿ ಇಡುತ್ತದೆ. ತಿಂಗಳಿಗೆ ಇಲ್ಲವೇ ವರ್ಷಕ್ಕೆ ಒಮ್ಮೆ ಹಣ ಕಟ್ಟಬೇಕು. ನಾನು ಎರಡು ಜಾಹೀರಾತು ಬರೆದೆ. ಮೊದಲನೆಯದು ಕಾರಣ ಕೊಡುವಂಥದ್ದು: "ಒಮ್ಮೆ ಹೊಂದಿಸಿ. ಆಮೇಲೆ ದಿನವೂ ತಾನಾಗಿಯೇ ಬ್ಯಾಕಪ್." ಎರಡನೆಯದು ಕಳೆದುಕೊಳ್ಳುವ ಮಾತು: "ಹಾರ್ಡ್ ಡಿಸ್ಕ್ ಕೆಟ್ಟ ದಿನ ಹತ್ತು ವರ್ಷದ ಫೋಟೋ ಹೋಗುತ್ತದೆ."

ಎರಡನ್ನೂ ಒಂದೇ ವಾರ ಓಡಿಸಿದೆವು. ತಲಾ 30,000 ಮಂದಿಗೆ ತೋರಿಸಿದೆವು. ಯಾರಿಗೆ ಯಾವುದು ಕಾಣಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ಹಂಚಿದ್ದೆವು. ಇದು ಮುಖ್ಯ. ಜಾಹೀರಾತು ಓಡಿಸುವ ವ್ಯವಸ್ಥೆಗಳು ಸುಮ್ನೆ ಬಿಟ್ಟರೆ ಕ್ಲಿಕ್ ಬರುತ್ತಿರುವ ಸಾಲನ್ನೇ ಜಾಸ್ತಿ ತೋರಿಸುತ್ತಾ ಹೋಗುತ್ತವೆ. ಆಗ ಎರಡು ಸಾಲುಗಳನ್ನು ನೋಡಿದವರು ಒಂದೇ ಬಗೆಯ ಜನ ಆಗಿರುವುದಿಲ್ಲ, ಹೋಲಿಕೆಗೆ ಅರ್ಥ ಉಳಿಯುವುದಿಲ್ಲ.

ಕಾರಣದ ಸಾಲಿಗೆ 540 ಕ್ಲಿಕ್ ಬಂತು. ಕಳೆದುಕೊಳ್ಳುವ ಸಾಲಿಗೆ 930. ಸೇವೆಯ ಮಾಲೀಕರು ಅಂದೇ ಫೋನ್ ಮಾಡಿ, "ಇನ್ನೇನು, ಎರಡನೆಯದನ್ನೇ ಇಟ್ಟುಕೊಳ್ಳೋಣ" ಎಂದರು. "ಹಣ ಕಟ್ಟಿದವರ ಲೆಕ್ಕ ಬರಲಿ, ಎರಡು ವಾರ ಕಾಯೋಣ" ಎಂದು ಕೇಳಿಕೊಂಡೆ. ಆ ಲೆಕ್ಕ ಬಂದಾಗ ಕಾರಣದ ಸಾಲಿನಿಂದ ಬಂದವರಲ್ಲಿ 49 ಮಂದಿ ಹಣ ಕಟ್ಟಿದ್ದರು. ಇನ್ನೊಂದರಿಂದ ಬಂದವರಲ್ಲಿ 37.

49 ಮತ್ತು 37ರ ನಡುವಿನ ಅಂತರವನ್ನು ನಾನು ನಂಬಲಿಲ್ಲ. ಇಷ್ಟು ಸಣ್ಣ ಸಂಖ್ಯೆಗಳಲ್ಲಿ ಅಷ್ಟು ಹೆಚ್ಚು ಕಡಿಮೆ ಆಕಸ್ಮಿಕವಾಗಿಯೂ ಆಗುತ್ತದೆ. ಆದ್ದರಿಂದ ಕಾರಣದ ಸಾಲು ಗೆದ್ದಿತು ಎಂದು ಹೇಳುವ ಹಾಗಿರಲಿಲ್ಲ. ಆದರೆ ಒಂದಂತೂ ಖಚಿತವಾಗಿತ್ತು. ಒಳಗೆ ಬಂದವರು ಒಂದೂಮುಕ್ಕಾಲು ಪಟ್ಟು, ಕೊಂಡವರು ಮಾತ್ರ ಹೆಚ್ಚಾಗಿರಲಿಲ್ಲ. ನಾವು ಹಣ ಕೊಡುತ್ತಿದ್ದದ್ದು ಪ್ರತಿ ಕ್ಲಿಕ್ಕಿಗೆ. ಅಂದರೆ ಒಬ್ಬ ಗ್ರಾಹಕರನ್ನು ತರುವ ಖರ್ಚು ಎರಡು ಪಟ್ಟು ದಾಟಿತ್ತು.

ಎಷ್ಟು ಜನರಿಗೆ ತೋರಿಸಿದರೆ ನಂಬಬಹುದು ಎಂಬುದಕ್ಕೆ ಒಂದು ಅಂದಾಜು ಕೊಡುತ್ತೇನೆ. ನೂರಕ್ಕೆ 2 ಮಂದಿ ಕ್ಲಿಕ್ ಮಾಡುವ ಕಡೆ ಅದು ಎರಡೂವರೆಗೆ ಏರಿದೆಯೇ ಎಂದು ಹಿಡಿಯಬೇಕಾದರೆ ಪ್ರತಿ ಸಾಲಿಗೆ ಸುಮಾರು 14,000 ಮಂದಿ ಬೇಕು. ಖರೀದಿ ಅದಕ್ಕಿಂತ ಅಪರೂಪ. ಹಾಗಾಗಿ ಅದಕ್ಕೆ ಇನ್ನೂ ಎಷ್ಟೋ ಜಾಸ್ತಿ ಬೇಕು. ದಿನ ದಿನ ಲೆಕ್ಕ ನೋಡಿ, ಮುಂದಿರುವುದನ್ನು ಕಂಡ ಕೂಡಲೇ ನಿಲ್ಲಿಸಿದರೆ ಸುಳ್ಳು ಗೆಲುವು ಸಿಗುತ್ತದೆ. ಯಾವ ದಿನ ನಿಲ್ಲಿಸಬೇಕು ಎಂಬುದನ್ನು ಶುರು ಮಾಡುವ ಮೊದಲೇ ಬರೆದಿಡುತ್ತೇನೆ.

ಹೆದರಿದವರು ಯಾಕೆ ಕೊಳ್ಳಲಿಲ್ಲ? ನಷ್ಟದ ಮಾತಿಗೆ ಶಕ್ತಿ ಇದೆ ಎಂಬುದು ಸುಳ್ಳಲ್ಲ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮೊಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದ್ದು ಅದನ್ನೇ. ಅಷ್ಟೇ ಮೊತ್ತ ಸಿಕ್ಕಾಗ ಆಗುವ ಖುಷಿಗಿಂತ ಕಳೆದುಕೊಂಡಾಗ ಆಗುವ ನೋವು ದೊಡ್ಡದು. ಆದರೆ ನೋವಿನ ಮಾತು ಕೇಳಿದವರಿಗೆ ಎರಡು ದಾರಿ ಇರುತ್ತವೆ. ಏನಾದರೂ ಮಾಡುವುದು, ಇಲ್ಲವೇ ಮುಖ ತಿರುಗಿಸುವುದು. ಮಾಡಬೇಕಾದದ್ದು ಕಣ್ಣ ಮುಂದೆ ಇಲ್ಲದಿದ್ದರೆ ಮುಖ ತಿರುಗಿಸುವುದೇ ಸುಲಭ.

1965ರಲ್ಲಿ ಹೊವರ್ಡ್ ಲೆವೆಂಥಾಲ್ ಮತ್ತು ಸಂಗಡಿಗರು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯು ಲಸಿಕೆಯ ಬಗ್ಗೆ ಓದಲು ಕೊಟ್ಟರು. ಕೆಲವರ ಕೈಗೆ ಹೋದದ್ದು ಭಯ ಹುಟ್ಟಿಸುವ ಬರಹ, ಕೆಲವರಿಗೆ ಸೌಮ್ಯವಾದದ್ದು. ಭಯ ಜಾಸ್ತಿ ಇದ್ದವರು "ಹಾಕಿಸಿಕೊಳ್ಳಬೇಕು" ಎಂದು ಹೆಚ್ಚು ಹೇಳಿದರು. ಆದರೆ ನಿಜವಾಗಿ ಹೋದವರ ಸಂಖ್ಯೆ ಏರಿದ್ದು ಇನ್ನೊಂದು ಕಾರಣಕ್ಕೆ. ಕೆಲವರಿಗೆ ಲಸಿಕೆ ಕೊಡುವ ಜಾಗದ ನಕ್ಷೆ ಕೊಟ್ಟು, ಯಾವಾಗ ಹೋಗುತ್ತೀರಿ ಎಂದು ಯೋಚಿಸಲು ಹೇಳಿದ್ದರು. ಅವರಲ್ಲಿ ನೂರಕ್ಕೆ ಸುಮಾರು 28 ಮಂದಿ ಹೋದರು. ಅದು ಸಿಗದವರಲ್ಲಿ ಸುಮಾರು 3 ಮಂದಿ.

ನನ್ನ ಜಾಹೀರಾತಿನಲ್ಲಿ ನಕ್ಷೆ ಇರಲಿಲ್ಲ. ಕ್ಲಿಕ್ ಮಾಡಿ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಸೇವೆಯ ಗುಣಗಳ ಉದ್ದನೆಯ ಪಟ್ಟಿ. ಅದನ್ನು ಕೆಳಗೆ ಸರಿಸಿದೆ. ತಲೆಬರಹ ಅದೇ ನಷ್ಟದ್ದು. ಅದರ ಕೆಳಗೆ ಹೀಗೆ ಬರೆದೆ: "ಮೊದಲು ಫೋಟೋ ಇರುವ ಒಂದು ಫೋಲ್ಡರ್ ಆರಿಸಿ. ಹೊಂದಿಸಲು ಹತ್ತು ನಿಮಿಷ ಸಾಕು. ಉಳಿದದ್ದನ್ನು ಇನ್ನೊಂದು ದಿನ ಸೇರಿಸಬಹುದು." ಆ ಹತ್ತು ನಿಮಿಷ ನಿಜವೇ ಎಂದು ನಾನೇ ಕೂತು ಮಾಡಿ ನೋಡಿದೆ. ಈ ಪುಟವನ್ನು ಹಳೆಯ ಕಾರಣದ ಸಾಲಿನ ಜೊತೆ ಮತ್ತೆ ಅಷ್ಟೇ ಜನರಿಗೆ ತೋರಿಸಿದೆವು. ಹಳೆಯದಕ್ಕೆ ಈ ಸಲ 50 ಖರೀದಿ ಬಂತು, ಹೊಸದಕ್ಕೆ 74. ಈ ಅಂತರ ನಂಬಿಕೆಗೆ ಸ್ವಲ್ಪ ಹತ್ತಿರ ಬಂದಿತ್ತು. ಆದ್ದರಿಂದ ಅದನ್ನು ಇಟ್ಟುಕೊಂಡೆವು.

ಗುಣಗಳ ಪಟ್ಟಿಯನ್ನು ತೆಗೆದು ಹಾಕಲಿಲ್ಲ, ಕೆಳಗಿಟ್ಟೆ ಅಷ್ಟೇ. ಯಾಕೆಂದರೆ ಗ್ರಾಹಕರು ಸೇವೆಯವರಿಗೆ ಬರೆದ ಪತ್ರಗಳನ್ನೆಲ್ಲ ಓದಿದ್ದೆ. ಈಗಾಗಲೇ ಒಮ್ಮೆ ಫೈಲ್ ಕಳೆದುಕೊಂಡವರು ಕೇಳುತ್ತಿದ್ದ ಪ್ರಶ್ನೆಗಳೇ ಬೇರೆ. ವಾಪಸ್ ಪಡೆಯಲು ಎಷ್ಟು ಹೊತ್ತು? ನನ್ನ ಫೋಟೋ ನಿಮ್ಮ ಸಿಬ್ಬಂದಿಗೆ ಕಾಣುತ್ತದೆಯೇ? ತಪ್ಪಾಗಿ ಅಳಿಸಿದ್ದು ಎಷ್ಟು ದಿನ ಉಳಿಯುತ್ತದೆ? ಇವರಿಗೆ ಭಯದ ಮಾತು ಬೇಕಿಲ್ಲ, ಅದನ್ನು ಅನುಭವಿಸಿಯೇ ಬಂದಿದ್ದಾರೆ. ವಿಷಯ ತನಗೆ ನೇರವಾಗಿ ತಾಗುವಾಗ ಮನುಷ್ಯ ವಾದವನ್ನು ತೂಗಿ ನೋಡುತ್ತಾನೆ. ತಾಗದಿದ್ದಾಗ ಹೇಳಿದವರ ಮುಖ, ಚಿತ್ರ, ಧಾಟಿ ನೋಡಿ ತೀರ್ಮಾನಿಸುತ್ತಾನೆ. ಹಾಗಾಗಿ ಭಾವನೆಯೋ ಕಾರಣವೋ ಎಂಬ ಪ್ರಶ್ನೆಯನ್ನು ನಾನು ಬಿಟ್ಟಿದ್ದೇನೆ. ಈ ಸಾಲನ್ನು ಓದುವ ಹೊತ್ತಿಗೆ ಓದುಗರು ಎಲ್ಲಿದ್ದಾರೆ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಆಮೇಲೆ ಒಂದು ತಪ್ಪು ಮಾಡಿದೆ. ಜನರನ್ನು ಎಚ್ಚರಿಸೋಣ ಎಂದು ಒಂದು ಇಮೇಲ್‌ನಲ್ಲಿ "ಹೆಚ್ಚಿನವರು ಬ್ಯಾಕಪ್ ಮಾಡುವುದೇ ಇಲ್ಲ" ಎಂದು ಬರೆದೆ. ಸ್ಪಂದನೆ ಕಡಿಮೆಯಾಯಿತು. ಹೀಗೆ ಆಗುತ್ತದೆ ಎಂದು ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು ಅಮೆರಿಕದ ಅರಿಜೋನಾದಲ್ಲಿ ತೋರಿಸಿದ್ದಾರೆ. ಅಲ್ಲಿ ಕಲ್ಲಾಗಿ ಹೋದ ಮರಗಳ ಕಾಡೊಂದಿದೆ. ಹಿಂದೆ ಬಂದ ತುಂಬಾ ಜನ ಆ ಮರದ ಚೂರು ಒಯ್ದಿದ್ದಾರೆ ಎಂದು ಫಲಕ ಹಾಕಿದಾಗ ಗುರುತು ಮಾಡಿಟ್ಟ ಚೂರುಗಳಲ್ಲಿ ನೂರಕ್ಕೆ ಸುಮಾರು 8 ಕಳವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಇದ್ದಾಗ 2ಕ್ಕಿಂತ ಕಡಿಮೆ. ನನ್ನ ಸಾಲೂ ಓದುಗರಿಗೆ ಹೇಳಿದ್ದು ಅದನ್ನೇ: ಯಾರೂ ಮಾಡುತ್ತಿಲ್ಲ, ನೀವೂ ಮಾಡದಿದ್ದರೆ ನಡೆಯುತ್ತದೆ. ಈಗ ಯಾವ ಬರಹ ಕೊಡುವ ಮೊದಲೂ "ಇದನ್ನು ಓದಿದರೆ ಉಳಿದವರು ಏನು ಮಾಡುತ್ತಿದ್ದಾರೆ ಅನಿಸುತ್ತದೆ?" ಎಂದು ಒಮ್ಮೆ ಓದುತ್ತೇನೆ.

ಆ ಸಾಲನ್ನು ತೆಗೆದು ಒಬ್ಬ ಗ್ರಾಹಕರ ಮಾತು ಹಾಕಿದೆವು, ಅವರ ಒಪ್ಪಿಗೆ ಪಡೆದು. ಅವರು ಫೋಟೋಗ್ರಾಫರ್. ಕೆಲಸದ ನಡುವೆ ಲ್ಯಾಪ್‌ಟಾಪ್ ಕೆಟ್ಟು, ಮರುದಿನ ಇನ್ನೊಂದರಲ್ಲಿ ಎಲ್ಲವನ್ನೂ ಇಳಿಸಿಕೊಂಡಿದ್ದರು. "ಇಷ್ಟು ಸಾವಿರ ಗ್ರಾಹಕರು" ಎಂಬ ಅಂಕಿ ಹಾಕಬೇಕೆಂದು ಮಾಲೀಕರಿಗೆ ಆಸೆ ಇತ್ತು. ಫೋಟೋಗ್ರಾಫರ್‌ಗಳಿಗೆ ಹೋಗುವ ಇಮೇಲ್‌ನಲ್ಲಿ ಈ ಒಬ್ಬರ ಮಾತು ಆ ಅಂಕಿಗಿಂತ ಹೆಚ್ಚು ಕೆಲಸ ಮಾಡಿತು. ಬೇರೆಯವರಿಗೆ ಹೋದ ಇಮೇಲ್‌ನಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಓದುಗರು ನೋಡುವುದು "ನನ್ನಂಥವರು" ಯಾರಿದ್ದಾರೆ ಎಂದು, ಅಲ್ವಾ?

ಇನ್ನು ಬೆಲೆ. ಬ್ಯಾಕಪ್‌ಗೆ ಎಷ್ಟು ಕೊಡಬೇಕು ಎಂಬ ಅಂದಾಜು ಹೆಚ್ಚಿನವರ ತಲೆಯಲ್ಲಿ ಇರುವುದಿಲ್ಲ. ಅಂಥ ಕಡೆ ಮೊದಲು ಕಂಡ ಸಂಖ್ಯೆಯೇ ಅಳತೆಗೋಲು ಆಗುತ್ತದೆ. ನಮ್ಮ ಪುಟಕ್ಕೆ ಬಂದವರು ಹೋಲಿಸುತ್ತಿದ್ದದ್ದು ಫೈಲ್ ಇಡಲು ಉಚಿತವಾಗಿ ಸಿಗುವ ಜಾಗದ ಜೊತೆ. ಹಾಗಾಗಿ ಎಷ್ಟು ಹೇಳಿದರೂ ದುಬಾರಿಯೇ. ಅವರ ನಿಜವಾದ ಹೋಲಿಕೆ ಯಾವುದಿರಬೇಕು ಎಂದು ಯೋಚಿಸಿದೆ. ಕೆಟ್ಟ ಡಿಸ್ಕ್‌ನಿಂದ ಫೈಲ್ ಹೊರತೆಗೆಯುವವರಿಗೆ ಕೊಡುವ ಹಣ. ಅಂಥ ನಾಲ್ಕು ಕಡೆ ದರ ಕೇಳಿ ಬರೆದುಕೊಂಡೆ. ಅದರಲ್ಲಿ ಅತಿ ಕಡಿಮೆಯದನ್ನೇ ಆರಿಸಿ, ವರ್ಷದ ಬೆಲೆಯ ಮೇಲೆ ಒಂದು ಸಾಲಿನಲ್ಲಿ ಹಾಕಿದೆ. ಅತಿ ದೊಡ್ಡದನ್ನು ಹಾಕಿದ್ದರೆ ಅನುಮಾನ ಹುಟ್ಟುತ್ತಿತ್ತು. ಈ ಬದಲಾವಣೆಯಿಂದ ಕೊಂಡವರ ಒಟ್ಟು ಸಂಖ್ಯೆ ಹೆಚ್ಚು ಏರಲಿಲ್ಲ. ಆದರೆ ತಿಂಗಳಿನ ಬದಲು ವರ್ಷದ ಯೋಜನೆ ಆರಿಸಿದವರು ಹೆಚ್ಚಾದರು. ಕಂಪ್ಯೂಟರ್ ಕೆಲಸದಲ್ಲೇ ಇರುವವರ ಮೇಲೆ ಇದು ಏನೂ ಮಾಡಲಿಲ್ಲ. ಅವರಿಗೆ ಈ ದರಗಳೆಲ್ಲ ಮೊದಲೇ ಗೊತ್ತು.

ಎಂದೂ ವಸೂಲಿ ಮಾಡದ ಒಂದು ಹಳೆಯ ಬೆಲೆ ಬರೆದು, ಅದಕ್ಕೆ ಗೆರೆ ಎಳೆದು ತೋರಿಸೋಣ ಎಂಬ ಮಾತೂ ಬಂತು. ಆಗುವುದಿಲ್ಲ ಎಂದೆ. ಅದು ಸುಳ್ಳು. ನಮ್ಮಲ್ಲಿ ಜನ ನಂಬಿ ಇಡುವುದು ತಮ್ಮ ಫೋಟೋ, ಕಾಗದಪತ್ರ. ಬೆಲೆಯಲ್ಲೇ ಸುಳ್ಳು ಹೇಳಿದವರ ಕೈಗೆ ಅದನ್ನು ಯಾರು ಕೊಡುತ್ತಾರೆ? ಮಾಲೀಕರೂ ಒಪ್ಪಿದರು.

ನಷ್ಟದ ಮಾತಿಗೆ ಸರಿಯಾದ ಜಾಗ ಸಿಕ್ಕಿದ್ದು ಕೊನೆಗೆ, ವರ್ಷ ಮುಗಿಯುವಾಗ ಕಳಿಸುವ ಪತ್ರದಲ್ಲಿ. ಹೊಸಬರಿಗೆ ನಷ್ಟ ಎಂಬುದು ಊಹೆ. ಇವರಿಗೆ ಹಾಗಲ್ಲ, ಕೈಯಲ್ಲಿ ಇರುವುದೇ ಹೋಗುತ್ತದೆ. ಹಳೆಯ ಪತ್ರದಲ್ಲಿ "ನವೀಕರಿಸಿ, ಇನ್ನೊಂದು ವರ್ಷ ನೆಮ್ಮದಿಯಾಗಿರಿ" ಎಂದಿತ್ತು. ಅದರ ಬದಲು ಆ ಗ್ರಾಹಕರ ಖಾತೆಯಲ್ಲಿ ನಿಜವಾಗಿ ಎಷ್ಟು ಫೈಲ್ ಇದೆ ಎಂಬುದನ್ನು, ಅವು ಅಳಿಸಿಹೋಗುವ ತಾರೀಖನ್ನು ಬರೆದೆ. ಅದರ ಕೆಳಗೆ ಎರಡು ಬಟನ್. ಒಂದು ನವೀಕರಿಸಲು. ಇನ್ನೊಂದು, ಹಣ ಕಟ್ಟದೆಯೇ ಎಲ್ಲವನ್ನೂ ತಮ್ಮ ಕಂಪ್ಯೂಟರ್‌ಗೆ ಇಳಿಸಿಕೊಳ್ಳಲು. ಎರಡನೆಯ ಬಟನ್‌ನಿಂದ ಜನ ಬಿಟ್ಟು ಹೋಗುತ್ತಾರೆ ಎಂಬ ಹೆದರಿಕೆ ಇತ್ತು. ಕೆಲವರು ಇಳಿಸಿಕೊಂಡು ಹೋದರು ನಿಜ. ಆದರೂ ನವೀಕರಿಸಿದವರು ಹಳೆಯ ಪತ್ರಕ್ಕಿಂತ ಹೆಚ್ಚೇ ಇದ್ದರು. "ನನಗೆ ತಿಳಿಸದೆ ಎಲ್ಲ ಅಳಿಸಿದಿರಿ" ಎಂಬ ದೂರಿನ ಪತ್ರಗಳು ಆ ವರ್ಷ ಬರಲಿಲ್ಲ.