ಯುಗಾದಿಯ ಬೆಳಗಿಗೆ ನಾಲ್ಕೂವರೆ ಮನೆ

2024ರ ಯುಗಾದಿಯ ಬೆಳಿಗ್ಗೆ ಆರೂವರೆಗೆ ನಾನು ವಸಂತ ರಾಗದ ಕೀರ್ತನೆಯೊಂದನ್ನು ಎತ್ತಿಕೊಂಡೆ. ಋತುವೂ ವಸಂತ, ರಾಗವೂ ವಸಂತ, ಇನ್ನೇನು ಬೇಕು ಎಂಬುದು ನನ್ನ ಲೆಕ್ಕ. ಎಣ್ಣೆ ಸ್ನಾನ ಮುಗಿಸಿ ಬಂದ ಮಾವ ಎರಡು ಸಾಲು ಕೇಳಿದರು. "ಏನಮ್ಮಾ, ಇಷ್ಟು ಬೇಗ ದೀಪ ಹಚ್ಚುವ ಹೊತ್ತಾಯಿತೇ?" ಎಂದು ನಕ್ಕು ಕಾಫಿಗೆ ಕುಳಿತರು.

ಅವರು ಹೇಳಿದ್ದು ಸರಿ. ಹೆಸರು ವಸಂತವಾದರೂ ಅದನ್ನು ಸಂಜೆಯ ರಾಗವೆಂದೇ ಹಾಡುವುದು ರೂಢಿ. ಅದರಲ್ಲಿ ಪಂಚಮವಿಲ್ಲ. ಷಡ್ಜದಿಂದ ಮಧ್ಯಮಕ್ಕೆ ಹಾರಿ ಗಾಂಧಾರಕ್ಕೆ ಇಳಿಯುವ ಆ ನಡೆ ಕಛೇರಿಯಲ್ಲಿ ಎಷ್ಟು ಮೆರುಗೋ, ಎದ್ದು ಒಂದು ಗಂಟೆಯೂ ಆಗದ ಗಂಟಲಿಗೆ ಅಷ್ಟೇ ಕಷ್ಟ. ಮಕ್ಕಳಂತೂ ತಂಬೂರದ ಪಂಚಮವನ್ನೇ ಹಿಡಿದುಕೊಂಡು ಎಲ್ಲೆಲ್ಲಿಗೋ ಹೋದರು. ನಾನು ಕೊಡಗಿನ ಸುಂಟಿಕೊಪ್ಪದ ಹತ್ತಿರ ಮನೆಯಲ್ಲೇ ಆರೇಳು ಮಕ್ಕಳಿಗೆ ಪಾಠ ಹೇಳುವವಳು. ಇಷ್ಟು ಗೊತ್ತಿದ್ದೂ ಹೆಸರಿಗೆ ಮರುಳಾದೆ.

ಹಾಗಾಗಿ 2025ರಲ್ಲಿ ಮೂರು ವಾರ ಮೊದಲೇ ಯೋಚನೆ ಮಾಡಿದೆ. ಆ ಬಾರಿ ಹಬ್ಬ ಮಾರ್ಚ್ 30, ಭಾನುವಾರ. ಮನೆಯಲ್ಲಿ ಹಾಡುವವರು ಆರು ಮಂದಿ: ನಾನು, ಅತ್ತೆ, ಮಾವ, ನಾದಿನಿ, ಎಂಟು ಮತ್ತು ಹತ್ತು ವರ್ಷದ ಇಬ್ಬರು ಮಕ್ಕಳು. ಕಲಿತವರು ನಾನು ಮತ್ತು ದೊಡ್ಡ ಮಗಳು ಮಾತ್ರ. ಮೂರು ಹಾಡು ಸಾಕೆಂದು ತೀರ್ಮಾನಿಸಿದೆ. ಹಬ್ಬದ ದಿನ ಒಲೆಯ ಮೇಲೆ ಹೋಳಿಗೆಯ ಹೂರಣ ಇರುತ್ತದೆ, ನಾಲ್ಕನೆಯ ಹಾಡಿನ ಹೊತ್ತಿಗೆ ಅತ್ತೆಯ ಕಿವಿ ಅಡುಗೆಮನೆಯಲ್ಲೇ ಇರುತ್ತದೆ.

ಮೊದಲನೆಯದಕ್ಕೆ ವಸಂತವನ್ನು ಬಿಟ್ಟು ಮಲಯಮಾರುತವನ್ನು ಆರಿಸಿಕೊಂಡೆ. ಇದು ಬೆಳಗಿನ ರಾಗ. ಮಧ್ಯಮವಿಲ್ಲ, ಪಂಚಮವಿದೆ, ಆದ್ದರಿಂದ ತಂಬೂರದ ಆಸರೆ ಸದಾ ಸಿಗುತ್ತದೆ. ಹೆಸರಿನಲ್ಲೂ ವಸಂತವೇ ಇದೆ. ಮಲಯ ಪರ್ವತದಿಂದ ಬೀಸುವ ಗಂಧದ ಗಾಳಿ ವಸಂತದ ಗುರುತೆಂದು ಹಳೆಯ ಕಾವ್ಯಗಳು ಹೇಳುತ್ತವೆ, ಆ ಮಲಯವೋ ನಮ್ಮ ಘಟ್ಟಸಾಲಿನ ದಕ್ಷಿಣದ ತುದಿ. ಇದರಲ್ಲಿ ಕೀರ್ತನೆ ಹಾಡಲಿಲ್ಲ. ಸಾಹಿತ್ಯವಿಲ್ಲದೆ ನಾಲ್ಕೈದು ನಿಮಿಷ ನಿಧಾನವಾಗಿ ಆಲಾಪನೆ ಮಾಡಿದೆ, ಉಳಿದವರು ಷಡ್ಜ ಹಿಡಿದು ಕುಳಿತರು. ಗಂಟಲು ಬಿಸಿಯಾಗುವುದಕ್ಕೂ ಇದೇ ದಾರಿ.

ಎರಡನೆಯದು ಬೇಂದ್ರೆಯವರ 'ಬೆಳಗು', ಮೂಡಲ ಮನೆಯ ಪದ್ಯ. 1967ರ 'ಬೆಳ್ಳಿಮೋಡ' ಚಿತ್ರದಿಂದ ಎಲ್ಲರ ಬಾಯಲ್ಲಿದೆ. ಮೂರನೆಯದು ಅವರದ್ದೇ ಯುಗಾದಿಯ ಹಾಡು. 1963ರ 'ಕುಲವಧು'ವಿನಲ್ಲಿ ಜಿ.ಕೆ. ವೆಂಕಟೇಶ್ ಸಂಗೀತಕ್ಕೆ ಎಸ್. ಜಾನಕಿ ಹಾಡಿದ ಧಾಟಿ ನಮ್ಮ ಮನೆಯಲ್ಲಿ ಅಡುಗೆ ಮಾಡುವಾಗಲೂ ಕೇಳುವಂಥದ್ದು. ಎರಡೂ ಒಬ್ಬ ಕವಿಯದ್ದೇ ಆಯಿತಲ್ಲ ಎಂದು ನಾದಿನಿ ತಕರಾರು ತೆಗೆದಳು. ಆರೂ ಮಂದಿಗೆ ಬಾಯಿಪಾಠವಾಗಿರುವ ಬೇರೆ ಹಾಡು ಹೇಳು ಎಂದೆ, ಸುಮ್ಮನಾದಳು.

ನಿಜವಾದ ಕೆಲಸ ಇದ್ದದ್ದು ಶ್ರುತಿಯಲ್ಲಿ, ಎಂದರೆ ಷಡ್ಜವನ್ನು ಎಷ್ಟು ಎತ್ತರಕ್ಕೆ ಇಡಬೇಕು ಎಂಬುದರಲ್ಲಿ. ಅದನ್ನು ಹಾರ್ಮೋನಿಯಂನ ಮನೆಗಳಲ್ಲಿ ಎಣಿಸುತ್ತೇವೆ, ಸಂಖ್ಯೆ ಏರಿದಂತೆ ದನಿಯೂ ಏರುತ್ತದೆ. ಪಾಠ ಹೇಳುವಾಗ ನನ್ನ ಶ್ರುತಿ ಐದೂವರೆ ಮನೆ. ಮಾವನದು ಒಂದು ಮನೆ. ಇಬ್ಬರೂ ಒಟ್ಟಿಗೆ ಹಾಡಿದರೆ ಒಬ್ಬರು ನರಳಬೇಕು, ಇನ್ನೊಬ್ಬರು ಕಿರುಚಬೇಕು. ಸಾಮಾನ್ಯವಾಗಿ ಎಲ್ಲರೂ ಮಾಡುವ ತಪ್ಪೆಂದರೆ ಪಲ್ಲವಿ ಹಾಡಿ ನೋಡಿ, ಹಾಯಾಗಿದೆ ಎಂದು ಶ್ರುತಿ ಕಟ್ಟಿಬಿಡುವುದು. ಚರಣದಲ್ಲಿ ಮೇಲೇರುವಾಗ ದನಿ ಒಡೆಯುತ್ತದೆ. ನಾನು ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸುತ್ತೇನೆ. ಅದೂ ಸಂಜೆ ಅಲ್ಲ, ಎದ್ದ ಅರ್ಧ ಗಂಟೆಯೊಳಗೆ, ಏಕೆಂದರೆ ಬೆಳಗಿನ ದನಿ ಕೆಳಗಿರುತ್ತದೆ. ಸಂಜೆ ಐದೂವರೆ ಮನೆಯಲ್ಲಿ ಸಲೀಸಾಗಿ ಹತ್ತಿದ ಸಾಲಿಗೆ ಬೆಳಿಗ್ಗೆ ನಾದಿನಿಯ ಕುತ್ತಿಗೆಯ ನರ ಎದ್ದು, ಗದ್ದ ಮೇಲಕ್ಕೆ ಹೋಯಿತು. ಕಿವಿಗೆ ಗೊತ್ತಾಗುವ ಮೊದಲೇ ಕಣ್ಣಿಗೆ ಗೊತ್ತಾಗುತ್ತದೆ: ಗದ್ದ ಎತ್ತಿದರೆ ಶ್ರುತಿ ಹೆಚ್ಚಾಯಿತು ಎಂದೇ ಅರ್ಥ. ಐದಕ್ಕೆ ಇಳಿಸಿದೆ, ಗದ್ದ ಇನ್ನೂ ಪೂರ್ತಿ ಇಳಿಯಲಿಲ್ಲ. ನಾಲ್ಕೂವರೆಗೆ ಬಂದಾಗ ಕೆಳಗಿಳಿಯಿತು.

ನಾಲ್ಕೂವರೆಯಲ್ಲಿ ಮಾವನಿಗೆ ಪಲ್ಲವಿ ಸುಲಭ, ಚರಣ ಎಟುಕುವುದಿಲ್ಲ. ಮಕ್ಕಳಿಗೆ ಪಲ್ಲವಿಯ ಕೆಳಗಿನ ಸ್ವರಗಳು ಕೇಳಿಸದಷ್ಟು ಸಣ್ಣ, ಚರಣದಲ್ಲಿ ದನಿ ಅರಳುತ್ತದೆ. ಇದಕ್ಕೆ ಪರಿಹಾರ ಹೊಳೆದದ್ದು ಪಕ್ಕದ ಐನ್‌ಮನೆಯಲ್ಲಿ, ಎಂದರೆ ಕೊಡವ ಕುಟುಂಬವೊಂದರ ಮೂಲ ಮನೆಯಲ್ಲಿ, ಕೇಳಿದ ಬಾಳೊಪಾಟ್ ಎಂಬ ಹಾಡಿನಿಂದ. ಕೊಡವರಲ್ಲಿ ನಾಲ್ವರು ದುಡಿ ಬಾರಿಸುತ್ತಾ ಹಾಡುತ್ತಾರೆ, ಒಂದು ಜೋಡಿ ಬಿಟ್ಟಲ್ಲಿ ಇನ್ನೊಂದು ಜೋಡಿ ಎತ್ತಿಕೊಳ್ಳುತ್ತದೆ. ಎಷ್ಟು ಹೊತ್ತು ಹಾಡಿದರೂ ಉಸಿರಿಗೆ ಬಿಡುವು ಸಿಗುತ್ತದೆ. ಅವರ ಹೊಸ ವರ್ಷ ನಮ್ಮ ಯುಗಾದಿಯಲ್ಲ, ಏಪ್ರಿಲ್ ಮಧ್ಯದ ಎಡ್ಮ್ಯಾರ್ ತಿಂಗಳ ಮೊದಲ ದಿನ. ಹಾಡು ಅವರದ್ದು, ನಾನು ಎರವಲು ಪಡೆದದ್ದು ಸರದಿಯನ್ನು ಮಾತ್ರ. ಪಲ್ಲವಿ ಮಾವ ಮತ್ತು ಅತ್ತೆಗೆ, ಚರಣ ಮಕ್ಕಳಿಗೆ, ಎತ್ತರದ ಸಾಲಿಗೆ ನಾನೂ ನಾದಿನಿಯೂ ಸೇರುವುದು. ಎಲ್ಲರೂ ಎಲ್ಲವನ್ನೂ ಹಾಡಬೇಕೆಂಬ ಹಟ ಬಿಟ್ಟದ್ದೇ ತಡ, ಅಪಶ್ರುತಿ ಮುಕ್ಕಾಲು ಭಾಗ ಕಡಿಮೆಯಾಯಿತು.

ಹಬ್ಬದ ದಿನ ಇನ್ನೊಂದು ತೊಡಕು ಬಂತು. ಆರು ಗಂಟೆಗೇ ಕರೆಂಟು ಹೋಯಿತು, ಎಲೆಕ್ಟ್ರಾನಿಕ್ ತಂಬೂರ ಮೂಕವಾಯಿತು. ಮೊಬೈಲಿನ ತಂಬೂರವನ್ನು ಹಿತ್ತಾಳೆಯ ಚೆಂಬಿನೊಳಗೆ ಇಟ್ಟೆ. ದನಿ ಜೋರಾಯಿತು ನಿಜ, ಆದರೆ ಚೆಂಬು ತನ್ನದೇ ಒಂದು ಗುಂಯ್ ಸೇರಿಸಿತು. ತೆಗೆದು ಬರಿಯ ಮಣೆಯ ಮೇಲೆ ಇಟ್ಟೆ. ಸಣ್ಣ ದನಿಯಾದರೂ ಶುದ್ಧವಾಗಿರುವುದೇ ಮೇಲು.

ಯುಗಾದಿಯ ಹಾಡಿನಲ್ಲಿ ಎಷ್ಟು ನುಡಿ ಹಾಡಬೇಕೆಂಬುದು ಕೊನೆಯವರೆಗೂ ಇತ್ಯರ್ಥವಾಗಿರಲಿಲ್ಲ. ಹೊಂಗೆಯ ಹೂವೂ ದುಂಬಿಯೂ ಬರುವ ನುಡಿ ಎಲ್ಲರಿಗೂ ಗೊತ್ತು. ನಮ್ಮ ತೋಟದಲ್ಲಿ ಹೊಂಗೆ ಇಲ್ಲ, ಬೇವೂ ಇಲ್ಲ, ಬೇವಿನ ಸೊಪ್ಪು ಕುಶಾಲನಗರದಿಂದ ಬರುತ್ತದೆ. ನಮ್ಮ ವಸಂತವೆಂದರೆ ಹೂಮಳೆ ಬಿದ್ದ ಎಂಟೊಂಬತ್ತು ದಿನಕ್ಕೆ ತೋಟವಿಡೀ ಬೆಳ್ಳಗಾಗುವ ಕಾಫಿ ಹೂವು. ಅದೂ ಹಬ್ಬದ ಹೊತ್ತಿಗೆ ಎಷ್ಟೋ ಸಲ ಬಾಡಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಚಿಕ್ಕವನು "ಹೊಂಗೆ ಬದಲು ಕಾಫಿ ಎನ್ನೋಣವೇ?" ಎಂದು ಕೇಳಿದ. ಬೇಡ ಎಂದೆ. ಹೊಂಗೆ, ಭೃಂಗ, ತೊಂಗಲು ಎಂದು ಗುಂಯ್‌ಗುಡುವುದರಲ್ಲೇ ಆ ಸಾಲಿನ ದುಂಬಿ ಇದೆ, ಕಾಫಿ ಎಂದರೆ ದುಂಬಿ ಹಾರಿಹೋಗುತ್ತದೆ.

ಹೆಚ್ಚಿನ ಮನೆಗಳಲ್ಲಿ ಸಂತೋಷದ ಎರಡು ನುಡಿ ಹಾಡಿ ನಿಲ್ಲಿಸುತ್ತಾರೆ, ನಾವೂ ಹಾಗೇ ಮಾಡುತ್ತಿದ್ದೆವು. ಆದರೆ ಪದ್ಯ ಅಲ್ಲಿಗೆ ಮುಗಿಯುವುದಿಲ್ಲ. ಜೀವಿಗಳಿಗೆಲ್ಲ ವರ್ಷಕ್ಕೊಂದು ಜನ್ಮ, ಮನುಷ್ಯನಿಗೆ ಮಾತ್ರ ಒಂದೇ ಬಾಲ್ಯ, ಒಂದೇ ಹರೆಯ ಏಕೆ ಎಂದು ಅದು ಕೇಳುತ್ತದೆ. ಯುಗಾದಿ ಮರಳಿ ಬಂದರೂ "ನಮ್ಮನಷ್ಟೆ ಮರೆತಿದೆ" ಎಂದು ಕೊರಗುತ್ತದೆ. ಹಬ್ಬದ ದಿನ ಆ ಮಾತು ಬೇಡ ಎಂಬುದು ಅತ್ತೆಯ ವಾದ. ನಾನೂ ಅರೆಮನಸ್ಸಿನಿಂದ ಒಪ್ಪಿ ಎರಡೇ ನುಡಿಗೆ ಅಭ್ಯಾಸ ಮಾಡಿಸಿದ್ದೆ.

ಎರಡನೆಯ ನುಡಿ ಮುಗಿದು ಪಲ್ಲವಿಗೆ ಬಂದೆವು, ನಾನು ನಿಲ್ಲಿಸಲು ಕೈ ಎತ್ತಿದೆ. ಮಾವ ನೋಡಲಿಲ್ಲ, ಅಥವಾ ನೋಡದಂತೆ ನಟಿಸಿದರು. ಎಪ್ಪತ್ತನಾಲ್ಕರ ಅವರು ಒಂದೇ ಬಾಲ್ಯದ ಆ ನುಡಿಯನ್ನು ನಾಲ್ಕೂವರೆ ಬಿಟ್ಟು, ತಂಬೂರ ಬಿಟ್ಟು, ತಮ್ಮ ಒಂದು ಮನೆಯಲ್ಲೇ ಎತ್ತಿಕೊಂಡರು. ನಾನು ಮೊಬೈಲ್ ಆರಿಸಿದೆ. ಅತ್ತೆ ಬೇವು–ಬೆಲ್ಲದ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಹೊರಗೆ ಹಾಲುವಾಣದ ಮರದಲ್ಲಿ ಕುಟುರ ಹಕ್ಕಿ ತನ್ನದೇ ಶ್ರುತಿಯಲ್ಲಿ ಕೂಗುತ್ತಿತ್ತು.