ನಾಲ್ಕು ವಿಷಯ, ಏಳು ಎಫ್, ಒಂದು ಇಯರ್ ಬ್ಯಾಕ್: ಮಾಸ್ಟರ್ಸ್ ಅರ್ಜಿಯಲ್ಲಿ ಇದನ್ನೆಲ್ಲ ನಾನು ಹೇಗೆ ಬರೆದೆ

ಮೊದಲು ಅಂಕಿಗಳನ್ನೇ ಹೇಳಿಬಿಡುತ್ತೇನೆ. ಶಿವಮೊಗ್ಗದಲ್ಲಿ ವಿಟಿಯುಗೆ ಸೇರಿದ ಕಾಲೇಜಿನಲ್ಲಿ ಸಿವಿಲ್ ಓದಿದೆ. ಒಟ್ಟು ಸಿಜಿಪಿಎ 6.95. ಗಣಿತದ ಪೇಪರುಗಳಾದ ಎಂ-2ರಲ್ಲಿ ಮೂರು ಸಲ, ಎಂ-3ರಲ್ಲಿ ಎರಡು ಸಲ, ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಮತ್ತು ಫ್ಲೂಯಿಡ್ ಮೆಕಾನಿಕ್ಸ್‌ನಲ್ಲಿ ಒಂದೊಂದು ಸಲ ಎಫ್. ಮೊದಲ ವರ್ಷದ ಎಂ-2 ಉಳಿದುಕೊಂಡಿದ್ದರಿಂದ ಐದನೇ ಸೆಮಿಸ್ಟರಿಗೆ ಬಿಡಲಿಲ್ಲ, ಒಂದು ವರ್ಷ ಮನೆಯಲ್ಲಿದ್ದೆ. ಇಯರ್ ಬ್ಯಾಕ್ ಅಂದರೆ ಅದೇ. ನಾಲ್ಕು ವರ್ಷದ ಕೋರ್ಸು ಐದು ವರ್ಷ ಆಯಿತು. ಆಮೇಲೆ ಎರಡು ವರ್ಷ ಕೆಲಸ ಮಾಡಿ, ಜರ್ಮನಿಯಲ್ಲಿ ಜಲಸಂಪನ್ಮೂಲ ಎಂಜಿನಿಯರಿಂಗ್ ಮಾಸ್ಟರ್ಸ್‌ಗೆ ಅರ್ಜಿ ಹಾಕಿದೆ. ನೀರಿನ ಬಗ್ಗೆ ಓದಲು ಹೊರಟವನು ಫ್ಲೂಯಿಡ್ ಮೆಕಾನಿಕ್ಸ್‌ನಲ್ಲೇ ಫೇಲು. ಅರ್ಜಿ ಓದುವವರ ಕಣ್ಣಿಗೆ ಮೊದಲು ಬೀಳುವುದು ಅದೇ ಅಲ್ವಾ?

ಶುರುವಿನಲ್ಲಿ ಊರಿನ ಒಬ್ಬ ಕನ್ಸಲ್ಟೆಂಟ್ ಹತ್ತಿರ ಹೋಗಿದ್ದೆ. ಅವರು ಫೈಲು ತಿರುವಿ ಹಾಕಿ, "ಈ ಒಂದು ವರ್ಷಕ್ಕೆ ಯಾವ್ದಾದ್ರೂ ಕಂಟ್ರಾಕ್ಟರ್ ಹತ್ರ ಎಕ್ಸ್‌ಪೀರಿಯನ್ಸ್ ಲೆಟರ್ ಮಾಡಿಸ್ಕೊಂಡು ಬನ್ನಿ. ಬ್ಯಾಕ್‌ಲಾಗ್ ಅವರು ಕೇಳಿದ್ರೆ ಮಾತ್ರ ಹೇಳೋಣ" ಅಂದರು. ನೀತಿಯ ಮಾತು ಪಕ್ಕಕ್ಕಿಡಿ, ಲೆಕ್ಕಕ್ಕೂ ಅದು ಕೂರುವುದಿಲ್ಲ. 2022ರ ನವೆಂಬರಿನಿಂದ ಜರ್ಮನಿಯ ಸ್ಟೂಡೆಂಟ್ ವೀಸಾ ಬೇಕೆಂದರೆ ಭಾರತದವರು ಮೊದಲು ಎಪಿಎಸ್ ಪ್ರಮಾಣಪತ್ರ ತರಬೇಕು. ಓದಿನ ದಾಖಲೆಗಳು ಸಾಚಾ ಹೌದೋ ಅಲ್ಲವೋ ಎಂದು ನೋಡುವುದೇ ಆ ಕಚೇರಿಯ ಕೆಲಸ. ನನ್ನ ಸೆಮಿಸ್ಟರ್ ಮಾರ್ಕ್ಸ್ ಕಾರ್ಡುಗಳಲ್ಲಿ ತಿಂಗಳು, ವರ್ಷ, ಎಫ್ ಎಲ್ಲ ಅಚ್ಚಾಗಿದೆ. ನಾನು ಹೇಳದಿದ್ದರೂ ಕಾಗದ ಹೇಳುತ್ತದೆ. ಕೆಲಸ ಮಾಡಿದೆ ಅಂತ ಬರೆದ ಅದೇ ತಿಂಗಳಲ್ಲಿ ಎಂ-2 ಪರೀಕ್ಷೆ ಬರೆದದ್ದು ಕಂಡರೆ, ಆಮೇಲೆ ಉಳಿದ ಯಾವ ಸಾಲನ್ನೂ ಅವರು ನಂಬುವುದಿಲ್ಲ.

ಹಾಗಾಗಿ ಮೊದಲು ಒಂದು ಹಾಳೆಯಲ್ಲಿ ನನ್ನದೇ ಲೆಕ್ಕ ಬರೆದುಕೊಂಡೆ. ಇಲ್ಲಿ ಎಡವುವವರು ಬಹಳ. "ಎಷ್ಟು ಬ್ಯಾಕ್‌ಲಾಗ್?" ಅನ್ನುವುದಕ್ಕೆ ಮೂರು ಉತ್ತರ ಇರುತ್ತದೆ. ಈಗ ಬಾಕಿ ಇರುವುದು ಸೊನ್ನೆ. ಫೇಲಾದ ವಿಷಯ ನಾಲ್ಕು. ಫೇಲಾದ ಸಲ ಏಳು. ಒಂದು ಫಾರ್ಮಿನಲ್ಲಿ ನಾಲ್ಕು, ಇನ್ನೊಂದರಲ್ಲಿ ಏಳು ಅಂತ ಬರೆದರೆ ಎರಡೂ ನಿಜವೇ, ಆದರೆ ಓದುವವರಿಗೆ ಸುಳ್ಳಿನ ಹಾಗೆ ಕಾಣುತ್ತದೆ. ನಾನು ಜಾಗ ಇದ್ದ ಕಡೆಯೆಲ್ಲ ಒಂದೇ ಸಾಲು ಬರೆದೆ: "ನಾಲ್ಕು ವಿಷಯ, ಒಟ್ಟು ಏಳು ಸಲ ಎಫ್, ಐದನೇ ಸೆಮಿಸ್ಟರ್ ಶುರುವಾಗುವ ಮೊದಲೇ ಎಲ್ಲ ಪಾಸು, ಆಮೇಲೆ ಒಂದೂ ಇಲ್ಲ." ಬರೀ ಸಂಖ್ಯೆ ಕೇಳುವ ಚೌಕದಲ್ಲಿ, ಅವರು ವಿವರಣೆ ಕೊಟ್ಟಿದ್ದರೆ ಅದರ ಪ್ರಕಾರ, ಕೊಡದಿದ್ದರೆ ದೊಡ್ಡ ಸಂಖ್ಯೆಯನ್ನೇ ಹಾಕಿದೆ.

ಪರ್ಸೆಂಟೇಜ್ ಇನ್ನೊಂದು ಗುಂಡಿ. ಸಿಜಿಪಿಎಯನ್ನು ಹತ್ತರಿಂದ ಗುಣಿಸಿ 69.5 ಅಂತ ಬರೆಯುವುದು ಸುಲಭ. ಆದರೆ ನಾನು ಸೇರಿದ ವರ್ಷದ ಪಠ್ಯಕ್ರಮಕ್ಕೆ, ಅಂದರೆ ನನ್ನ ಸ್ಕೀಮಿಗೆ, ವಿಟಿಯು ಕೊಟ್ಟ ಸೂತ್ರ ಬೇರೆ. ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. ಆಗ ಬರುವುದು 62. ಸ್ಕೀಮ್ ಬದಲಾದರೆ ಸೂತ್ರವೂ ಬದಲಾಗಬಹುದು, ನಿಮ್ಮ ಮಾರ್ಕ್ಸ್ ಕಾರ್ಡಿನ ಹಿಂಬದಿ ಅಥವಾ ನಿಮ್ಮ ಸ್ಕೀಮಿನ ನಿಯಮ ನೋಡಿಕೊಳ್ಳಿ. ಜರ್ಮನಿಯವರು ಸಿಜಿಪಿಎಯನ್ನು ತಮ್ಮ ಗ್ರೇಡಿಗೆ ತಿರುಗಿಸಲು ಸಾಮಾನ್ಯವಾಗಿ ಬಳಸುವ ಸೂತ್ರ ಇದು. ಅಲ್ಲಿ 1 ಅಂದರೆ ಅತ್ಯುತ್ತಮ, 4 ಅಂದರೆ ಬರೀ ಪಾಸು.

```
1 + 3 × (Nmax − Nd) / (Nmax − Nmin)
```

`Nd` ನಮ್ಮ ಸಿಜಿಪಿಎ, `Nmax` ಗರಿಷ್ಠ ಅಂದರೆ 10, `Nmin` ಪಾಸಾಗಲು ಬೇಕಾದ ಕನಿಷ್ಠ. ಕನಿಷ್ಠ 4 ಅಂತ ಹಿಡಿದರೆ ನನಗೆ ಸುಮಾರು 2.5 ಬರುತ್ತದೆ. 5 ಅಂತ ಹಿಡಿದರೆ 2.8. ಕಟ್ ಆಫ್ 2.5 ಇರುವ ಕಡೆ ಈ ಒಂದು ಅಂಕಿಯಿಂದ ಒಳಗೋ ಹೊರಗೋ ತೀರ್ಮಾನ ಆಗುತ್ತದೆ. ಯಾವುದನ್ನು ಹಿಡಿಯಬೇಕು ಅನ್ನುವುದು ಅವರಿಗೆ ಬಿಟ್ಟದ್ದು. ಅದಕ್ಕೇ ನಾನು 2.5 ಅಂತ ಎಲ್ಲೂ ಬರೆದುಕೊಳ್ಳಲಿಲ್ಲ, 6.95 ಅಂತಷ್ಟೇ ಬರೆದೆ. ಎಲ್ಲಿ ಅರ್ಜಿ ಹಾಕಬೇಕು ಎಂದು ಆರಿಸುವಾಗ ಮಾತ್ರ 2.8 ಎಂದೇ ಲೆಕ್ಕ ಹಾಕಿದೆ. ಕಟ್ ಆಫ್ ಕಟ್ಟುನಿಟ್ಟಾಗಿರುವ ಕಡೆ ಈ ಕೋರ್ಸು ಯಾಕೆ ಬೇಕು ಎಂದು ವಿವರಿಸುವ ಎಸ್‌ಒಪಿಯನ್ನು ಎಷ್ಟು ಚೆಂದಕ್ಕೆ ಬರೆದರೂ ಅದು ಓದುವವರ ಕೈಗೇ ಹೋಗುವುದಿಲ್ಲ. ಅಂಥಲ್ಲಿಗೆ ಫೀಸು ಕಟ್ಟುವುದು ದಂಡ.

ಇನ್ನು ಒಳ್ಳೆಯ ಭಾಗ. ಐದರಿಂದ ಎಂಟನೇ ಸೆಮಿಸ್ಟರಿನವರೆಗೆ ನನ್ನ ಎಸ್‌ಜಿಪಿಎ, ಅಂದರೆ ಆಯಾ ಸೆಮಿಸ್ಟರಿನ ಸರಾಸರಿ, 7.6, 8.1, 8.4, 8.8. ಕ್ರೆಡಿಟ್ ಸೇರಿಸಿ ಲೆಕ್ಕ ಹಾಕಿದರೆ ಈ ನಾಲ್ಕರ ಸರಾಸರಿ 8.2 ಹತ್ತಿರ, ಮೊದಲ ನಾಲ್ಕರದು 5.8ರ ಆಸುಪಾಸು. ಸಿವಿಯಲ್ಲಿ ಓದಿನ ಸಾಲನ್ನು ಹೀಗೆ ಬರೆದೆ: ಸೇರಿದ ತಿಂಗಳು, ಮುಗಿಸಿದ ತಿಂಗಳು, ಪೂರ್ತಿ ಐದು ವರ್ಷ. ಸಿಜಿಪಿಎ 6.95. ಅದರ ಪಕ್ಕದಲ್ಲೇ, ಅದೇ ಅಕ್ಷರದ ಗಾತ್ರದಲ್ಲಿ, ಕೊನೆಯ ನಾಲ್ಕು ಸೆಮಿಸ್ಟರ್ 8.2. ಎರಡನೆಯದನ್ನು ಮಾತ್ರ ಬರೆದರೆ ಅದು ಮೋಸ. ಎರಡನ್ನೂ ಜೊತೆಗಿಟ್ಟರೆ ಅದೇ ಒಂದು ಕತೆ ಹೇಳುತ್ತದೆ, ನಾವು ಬಾಯಿಬಿಟ್ಟು ಹೇಳುವುದೇ ಬೇಡ. ಎಫ್‌ಗಳನ್ನು ಸಿವಿಯಲ್ಲಿ ಪಟ್ಟಿ ಮಾಡಲಿಲ್ಲ. ಮಾರ್ಕ್ಸ್ ಕಾರ್ಡುಗಳು ಜೊತೆಗೇ ಹೋಗುತ್ತವೆ, ಎಸ್‌ಒಪಿಯಲ್ಲಿ ಒಂದು ಪ್ಯಾರಾ ಇದೆ. ಅಷ್ಟು ಸಾಕು.

ಆ ಪ್ಯಾರಾಕ್ಕೇ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು. ಮೊದಲು ಬರೆದಾಗ ಅದು ಅರ್ಧ ಪುಟ ಇತ್ತು. ಅಪ್ಪನ ಕಾಲು ಮುರಿದದ್ದು, ತೋಟಕ್ಕೆ ಕೊಳೆ ಬಂದದ್ದು, ಹಾಸ್ಟೆಲು, ಎಲ್ಲ ಸೇರಿಸಿದ್ದೆ. ನನ್ನ ಪ್ರಾಜೆಕ್ಟ್ ಗೈಡ್ ಮೇಷ್ಟ್ರಿಗೆ ತೋರಿಸಿದೆ. ಫ್ಲೂಯಿಡ್ ಮೆಕಾನಿಕ್ಸ್ ಪಾಠ ಮಾಡಿದವರೂ ಅವರೇ. ಓದಿ, "ಅಪ್ಪನಿಗೆ ಕಾಲು ಮುರಿದದ್ದು ಯಾವಾಗ ಮಾರಾಯ?" ಅಂದರು.

"ಇಯರ್ ಬ್ಯಾಕ್ ಆದ ಮೇಲೆ ಸರ್, ಮಳೆಗಾಲದಲ್ಲಿ."

"ಹಾಗಾದ್ರೆ ಎಂ-2 ಹೋಗಿದ್ದಕ್ಕೆ ಅದು ಕಾರಣ ಹೇಗಾಗ್ತದೆ?"

ಅಷ್ಟೇ ಕೇಳಿದ್ದು. ಅರ್ಧ ಪುಟ ಐದು ವಾಕ್ಯಕ್ಕೆ ಇಳಿಯಿತು. ಕಳಿಸಿದ್ದು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಹೇಳುವುದಾದರೆ ಹೀಗೆ: "ಮೊದಲ ಎರಡು ವರ್ಷದಲ್ಲಿ ನಾಲ್ಕು ವಿಷಯಗಳಲ್ಲಿ ಒಟ್ಟು ಏಳು ಸಲ ಫೇಲಾದೆ. ಪಿಯುಸಿಯ ಗಣಿತ ಗಟ್ಟಿ ಇರಲಿಲ್ಲ, ಇಂಟಿಗ್ರೇಷನ್ ಬಾರದೆ ಮುಂದಿನದು ಹತ್ತಲಿಲ್ಲ. ಎಂ-2 ಉಳಿದಿದ್ದರಿಂದ ಒಂದು ವರ್ಷ ತರಗತಿಗೆ ಹೋಗಲಾಗಲಿಲ್ಲ. ಆ ವರ್ಷ ಬಾಕಿ ಇದ್ದ ವಿಷಯ ಪಾಸು ಮಾಡಿದೆ, ಅಪ್ಪನಿಗೆ ಪೆಟ್ಟಾಗಿದ್ದರಿಂದ ಮನೆಯ ಅಡಿಕೆ ತೋಟ ನೋಡಿಕೊಂಡೆ. ಐದನೇ ಸೆಮಿಸ್ಟರಿನಿಂದ ಮುಂದೆ ಯಾವ ವಿಷಯವೂ ಉಳಿದಿಲ್ಲ." ಕ್ಷಮೆ ಇಲ್ಲ, ಕಣ್ಣೀರು ಇಲ್ಲ. ಕಾರಣ ಕಾರಣದ ಜಾಗದಲ್ಲಿ, ಆಮೇಲೆ ಆದದ್ದು ಆಮೇಲೆ. ಇದನ್ನು ಎಸ್‌ಒಪಿಯ ಮಧ್ಯದಲ್ಲಿ ಇಟ್ಟೆ. ಶುರುವಿಗೇ ಇಟ್ಟರೆ ಉಳಿದದ್ದನ್ನೆಲ್ಲ ಆ ಕಣ್ಣಿನಿಂದಲೇ ಓದುತ್ತಾರೆ. ಕೊನೆಗೆ ಇಟ್ಟರೆ ಅವರು ಎದ್ದು ಹೋಗುವಾಗ ನೆನಪಿರುವುದು ಅದೊಂದೇ.

ಒಳ್ಳೆಯದನ್ನು ಎತ್ತಿ ತೋರಿಸುವುದು ಅಂದರೆ ಇದ್ದದ್ದನ್ನೆಲ್ಲ ಸುರಿಯುವುದು ಅಂತ ತುಂಬಾ ಜನ ತಿಳಿದಿದ್ದಾರೆ. ನನ್ನ ಹತ್ತಿರ ಎನ್‌ಎಸ್‌ಎಸ್ ಸರ್ಟಿಫಿಕೇಟು ಇತ್ತು, ವಾಲಿಬಾಲ್ ಇತ್ತು. ಅವು ಎಂ-2ಕ್ಕೆ ಉತ್ತರ ಅಲ್ಲ. ಫೈಲು ನೋಡುವವರಿಗೆ ನನ್ನ ಮೇಲೆ ಇರುವ ಅನುಮಾನ ಒಂದೇ: ಇವನಿಗೆ ಗಣಿತ, ನೀರಿನ ಲೆಕ್ಕ ಬರುತ್ತದಾ? ಆ ಅನುಮಾನಕ್ಕೆ ನೇರವಾಗಿ ಉತ್ತರ ಕೊಡುವುದನ್ನು ಮಾತ್ರ ಆರಿಸಿದೆ. ಆರನೇ ಸೆಮಿಸ್ಟರಿನ ಹೈಡ್ರಾಲಜಿಯಲ್ಲಿ 9 ಗ್ರೇಡ್ ಪಾಯಿಂಟ್ ಬಂದಿತ್ತು, ಅದು ಒಂದು. ಎರಡನೆಯದು ಪ್ರಾಜೆಕ್ಟ್.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನಲ್ಲಿ. ಮಲೆನಾಡಿನ ಎಷ್ಟೋ ತೋಟದ ಮನೆಗಳಲ್ಲಿರುವ ಹಾಗೆ ನಮ್ಮಲ್ಲೂ ಮಳೆಮಾಪಕ ಇದೆ, ಅಪ್ಪ ದಿನಾ ಬೆಳಿಗ್ಗೆ ಅಳೆದು ನೋಟ್ ಬುಕ್ಕಿನಲ್ಲಿ ಬರೆಯುತ್ತಾರೆ. ಮನೆಯಲ್ಲಿದ್ದ ವರ್ಷ ಆ ಕೆಲಸ ನನ್ನ ಪಾಲಿಗೆ ಬಂತು. ಹಳೆಯ ಪುಸ್ತಕಗಳನ್ನೆಲ್ಲ ಎಕ್ಸೆಲ್‌ಗೆ ಹಾಕಿದೆ. ಕೊನೆಯ ವರ್ಷ ಅದಕ್ಕೆ ಜೊತೆಯಾಗಿ ತೋಟದ ಕೆಳಗಿನ ಹಳ್ಳದ ಹರಿವನ್ನು ಅಳೆದೆವು. ವಿಧಾನ ಸಾದಾ: ಹಳ್ಳದ ನೇರ ಭಾಗದಲ್ಲಿ 10 ಮೀಟರ್ ಗುರುತು ಮಾಡಿ, ತೇಲುವ ವಸ್ತು ಬಿಟ್ಟು ಸಮಯ ನೋಡುವುದು. 25 ಸೆಕೆಂಡ್ ಹಿಡಿದರೆ ಮೇಲ್ಮೈ ವೇಗ ಸೆಕೆಂಡಿಗೆ 0.4 ಮೀಟರ್. ತಳದಲ್ಲಿ ನೀರು ನಿಧಾನ, ಅದಕ್ಕೆ 0.85ರಿಂದ ಗುಣಿಸಿದರೆ 0.34. ಅಡ್ಡಕೊಯ್ತದ ವಿಸ್ತೀರ್ಣ 1.5 ಚದರ ಮೀಟರ್ ಇದ್ದರೆ ಹರಿವು ಸೆಕೆಂಡಿಗೆ ಸುಮಾರು 510 ಲೀಟರ್. ಇದನ್ನು ಮಳೆಯ ಲೆಕ್ಕದ ಜೊತೆ ಹೋಲಿಸಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರದ ಮಳೆಮಾಪಕದ ಅಂಕಿಯ ಜೊತೆ ತಾಳೆ ನೋಡಿದೆವು.

ಎಸ್‌ಒಪಿಯಲ್ಲಿ ಈ ಪ್ರಾಜೆಕ್ಟಿಗೆ ಮುಕ್ಕಾಲು ಪುಟ ಕೊಟ್ಟೆ. ಅದರಲ್ಲೂ ಹೆಚ್ಚು ಜಾಗ ಫಲಿತಾಂಶಕ್ಕಲ್ಲ, ಅದರ ಮಿತಿಗೆ. ಕಲ್ಲು ತುಂಬಿದ ಆಳವಿಲ್ಲದ ಹಳ್ಳದಲ್ಲಿ 0.85 ಸರಿಯಾಗಿ ಹೊಂದುವುದಿಲ್ಲ, ಜೋರು ಮಳೆಯಲ್ಲಿ ಹಳ್ಳಕ್ಕೆ ಇಳಿಯಲಾಗದ ದಿನಗಳ ಅಂಕಿಯೇ ನಮ್ಮಲ್ಲಿ ಇಲ್ಲ, ಅಂದರೆ ದೊಡ್ಡ ಹರಿವೇ ಲೆಕ್ಕದಿಂದ ತಪ್ಪಿಹೋಗಿದೆ ಅಂತ ಬರೆದೆ. ವಿಷಯ ಗೊತ್ತಿಲ್ಲದವನು ಇದನ್ನು ಬರೆಯಲಾರ. ಮಳೆ ಬರೆದಿಟ್ಟದ್ದನ್ನು "ಸಂಶೋಧನೆ" ಅಂತ ಕರೆಯಲು ಗೆಳೆಯನೊಬ್ಬ ಹೇಳಿದ್ದ. ಸಿವಿಯಲ್ಲಿ ಹಾಕಿದ್ದು "ಮನೆಯ ಮಳೆಮಾಪಕದ ದಿನದ ದಾಖಲೆ" ಅಂತಲೇ. ನೋಟ್ ಬುಕ್ಕಿನ ಒಂದು ಪುಟವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಂಡಿದ್ದೆ, ಕೇಳಿದರೆ ಕೊಡೋಣ ಅಂತ.

ಶಿಫಾರಸು ಪತ್ರ ಬೇಕಿತ್ತು. ಒಳ್ಳೆ ಮಾರ್ಕ್ಸ್ ಕೊಟ್ಟವರ ಹತ್ತಿರ ಹೋಗುವುದು ವಾಡಿಕೆ. ನಾನು ಅದೇ ಫ್ಲೂಯಿಡ್ ಮೆಕಾನಿಕ್ಸ್ ಮೇಷ್ಟ್ರನ್ನು ಕೇಳಿದೆ. ನಾನು ಫೇಲಾದದ್ದನ್ನೂ, ಆಮೇಲೆ ಮಳೆಯಲ್ಲಿ ನಿಂತು ಹಳ್ಳ ಅಳೆದದ್ದನ್ನೂ ಎರಡನ್ನೂ ಕಂಡವರು ಅವರೊಬ್ಬರೇ. "ಮೂರನೇ ಸೆಮಿಸ್ಟರಿನಲ್ಲಿ ನನ್ನ ವಿಷಯದಲ್ಲೇ ಫೇಲಾಗಿದ್ದ" ಅಂತ ಅವರು ಪತ್ರದಲ್ಲಿ ಬರೆದರು. ಇದೇ ಮಾತು ನಾನು ಹೇಳಿದರೆ ಸಮಜಾಯಿಷಿ, ಅವರು ಹೇಳಿದರೆ ಸಾಕ್ಷಿ.

ಇನ್ನೊಂದು ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಜರ್ಮನಿಯ ಎಷ್ಟೋ ಕೋರ್ಸುಗಳು ಗ್ರೇಡ್ ಜೊತೆಗೆ, ಗಣಿತ ಎಷ್ಟು ಕ್ರೆಡಿಟ್, ಹೈಡ್ರಾಲಿಕ್ಸ್ ಎಷ್ಟು ಕ್ರೆಡಿಟ್ ಓದಿದ್ದೀರಿ ಅಂತಲೂ ನೋಡುತ್ತವೆ. ಅಲ್ಲಿ ತಡವಾಗಿ ಪಾಸಾದ ಎಂ-2 ಕೂಡ ಪೂರ್ತಿ ಕ್ರೆಡಿಟ್ಟೇ. ಆ ಪಟ್ಟಿಯನ್ನು ಸಿಲಬಸ್ ಪುಟಗಳ ಜೊತೆ ಅಚ್ಚುಕಟ್ಟಾಗಿ ಜೋಡಿಸಿ ಕಳಿಸಿದೆ. ಇಲ್ಲಿನ ಕಂಪನಿಗಳ ಕತೆ ಬೇರೆ. "ಎಲ್ಲ ಹಂತದಲ್ಲೂ 60 ಪರ್ಸೆಂಟ್, ಬಾಕಿ ಬ್ಯಾಕ್‌ಲಾಗ್ ಇರಬಾರದು" ಅಂದರೆ ಅದು ಹೌದು-ಇಲ್ಲ ಪ್ರಶ್ನೆ, ಅಲ್ಲಿ ಕತೆಗೆ ಜಾಗವಿಲ್ಲ.

ಕೆಲವು ಕಡೆಯಿಂದ ಇಲ್ಲ ಅಂತ ಬಂತು, ಗ್ರೇಡ್ ಸಾಲದು ಅಂತ ಸೀದಾ ಬರೆದಿದ್ದರು. ಒಂದು ಕಡೆಯಿಂದ ಮಾತ್ರ ಪ್ರಶ್ನೆ ಬಂತು: ನಾಲ್ಕು ವರ್ಷದ ಡಿಗ್ರಿ ಐದು ವರ್ಷ ಯಾಕಾಯಿತು? ಎಸ್‌ಒಪಿಯ ಅದೇ ಐದು ವಾಕ್ಯ ನಕಲು ಮಾಡಿ, ಎಂ-2 ಪಾಸಾದ ಮಾರ್ಕ್ಸ್ ಕಾರ್ಡ್ ಸೇರಿಸಿ ಕಳಿಸಿದೆ. ಹೊಸದಾಗಿ ಏನೂ ಬರೆಯಬೇಕಾಗಲಿಲ್ಲ. ಸೀಟು ಸಿಕ್ಕಿದ್ದು ಅಲ್ಲೇ.