ಮಾರಿದವರ ಪ್ಯಾನ್ ತಪ್ಪಾಗಿದ್ದಾಗ ನಾನು 26QB ತಿದ್ದಿಸಿದ್ದು

2024ರ ಜೂನ್‌ನಲ್ಲಿ ದಾವಣಗೆರೆಯಲ್ಲಿ 62 ಲಕ್ಷಕ್ಕೆ ಮನೆ ಕೊಂಡೆ. ಮಾರಿದವರು ಚಿತ್ರದುರ್ಗದ ಹಿರಿಯ ತಾಯಿ, ಮಾತುಕತೆಯೆಲ್ಲ ಅವರ ಮಗನ ಜೊತೆ. ಮಾರಿದವರ ಲೆಕ್ಕಕ್ಕೆ ಹೋಗುವ 1% ಟಿಡಿಎಸ್ ಅಂದ್ರೆ 62,000 ರೂಪಾಯಿ ಹಿಡಿದು, ಅದಕ್ಕೆ ಮನೆ ಕೊಂಡವರು ತುಂಬುವ ಫಾರಂ 26QB ತುಂಬಿ ಕಟ್ಟಿದೆ. ಮಗ ವಾಟ್ಸಾಪ್‌ನಲ್ಲಿ ಇಬ್ಬರ ಕಾರ್ಡನ್ನೂ ಕಳಿಸಿದ್ದರು, ನಾನು ಹಾಕಿದ್ದು ಮಗನ ಪ್ಯಾನ್.

ಗೊತ್ತಾಗಿದ್ದು ಮುಂದಿನ ವರ್ಷ, ಅವರು ರಿಟರ್ನ್ ಹಾಕಲು ಕೂತಾಗ. "ಅಣ್ಣಾ, ಅಮ್ಮನ 26ASನಲ್ಲಿ ಏನೂ ಇಲ್ಲ, ದುಡ್ಡು ನನ್ನ ಹೆಸರಲ್ಲಿ ಕಾಣ್ತಿದೆ" ಅಂತ ಮಗನ ಫೋನ್ ಬಂತು. ಒಬ್ಬರ ಪ್ಯಾನ್‌ಗೆ ಎಷ್ಟು ತೆರಿಗೆ ಜಮೆಯಾಗಿದೆ ಅಂತ ತೋರಿಸುವ ಪಟ್ಟಿಯೇ 26AS. ಆ ತಾಯಿ ಅಷ್ಟೂ ತೆರಿಗೆಯನ್ನು ಕೈಯಿಂದ ಮತ್ತೆ ಕಟ್ಟಬೇಕಾಗುತ್ತಿತ್ತು. ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ.

ಪರಿಚಯದವರೊಬ್ಬರು ಸರಿಯಾದ ಪ್ಯಾನ್ ಹಾಕಿ ಹೊಸ 26QB ಕಟ್ಟಿಬಿಡಿ ಅಂದರು. ಹಾಗೆ ಮಾಡಬೇಡಿ. ಸುಮ್ನೆ ಎರಡು ಸಲ ದುಡ್ಡು ಕಟ್ಟಿ, ಮೊದಲನೆಯದನ್ನು ವಾಪಸ್ ಪಡೆಯಲು ಬೇರೆ ಅರ್ಜಿ ಹಿಡಿದು ಓಡಾಡಬೇಕಾಗುತ್ತದೆ. ಹಳೆಯದನ್ನೇ ತಿದ್ದಬೇಕು, ಅದನ್ನು ಕೊಂಡವರೇ ಮಾಡಬೇಕು.

ಆದಾಯ ತೆರಿಗೆ ಇಲಾಖೆಯ ಟಿಡಿಎಸ್ ವೆಬ್‌ಸೈಟ್ ಟ್ರೇಸಸ್‌ನಲ್ಲಿ ನನ್ನ ಪ್ಯಾನ್‌ನಿಂದ ಟ್ಯಾಕ್ಸ್‌ಪೇಯರ್ ಆಗಿ ಲಾಗಿನ್ ಆಗಿ, "Request for Correction" ತೆರೆದು, ಅಸೆಸ್‌ಮೆಂಟ್ ವರ್ಷ 2025-26 ಮತ್ತು 26QBಯ ಅಕ್ನಾಲೆಜ್‌ಮೆಂಟ್ ನಂಬರ್ ಹಾಕಿದೆ. ಅಲ್ಲಿ ಮಾರಿದವರ ಪ್ಯಾನ್ ಕೂಡ ಕೇಳುತ್ತದೆ. ನಾನು ಸರಿಯಾದದ್ದನ್ನು ಹಾಕಿದೆ, ದಾಖಲೆ ಸಿಗಲೇ ಇಲ್ಲ. ಅಲ್ಲಿ ಹಾಕಬೇಕಾದ್ದು ಮೊದಲು ತುಂಬಿದ ತಪ್ಪು ಪ್ಯಾನ್! ಸರಿಯಾದದ್ದು ಬರುವುದು ಆಮೇಲೆ. "Track Correction Request"ನಲ್ಲಿ ಸ್ಟೇಟಸ್ "Available" ಆದ ಮೇಲೆ ಅದನ್ನು ತೆರೆದು, ಮಾರಿದವರ ಪ್ಯಾನ್ ಬದಲಾಯಿಸಿ ಸಬ್ಮಿಟ್ ಮಾಡಿದೆ.

ನನ್ನ ಹತ್ತಿರ ಡಿಜಿಟಲ್ ಸಹಿ ಇರಲಿಲ್ಲ, ಹಾಗಾಗಿ ಅರ್ಜಿ ನನ್ನ ಪ್ಯಾನ್‌ಗೆ ಸಂಬಂಧಪಟ್ಟ ಆದಾಯ ತೆರಿಗೆ ಅಧಿಕಾರಿಯ ಒಪ್ಪಿಗೆಗೆ ಹೋಯಿತು. ತಿದ್ದುಪಡಿಯ ಅಕ್ನಾಲೆಜ್‌ಮೆಂಟ್ ಪ್ರಿಂಟ್, ನನ್ನ ಪ್ಯಾನ್ ಕಾರ್ಡು, ಕ್ರಯಪತ್ರದ ನಕಲು, ದುಡ್ಡು ಕಟ್ಟಿದ ಚಲನ್ ಹಿಡಿದು ಹೋದೆ. ನಿಮ್ಮ ಪ್ಯಾನ್ ಬೇರೆ ಊರಲ್ಲಿ ಮಾಡಿಸಿದ್ದಾದರೆ ಅಧಿಕಾರಿ ಆ ಊರಲ್ಲೇ ಇರಬಹುದು, ಹೊರಡುವ ಮೊದಲು ಇ-ಫೈಲಿಂಗ್ ಪೋರ್ಟಲ್‌ನಲ್ಲಿ ನೋಡಿಕೊಳ್ಳಿ.

ಕ್ರಯಪತ್ರದಲ್ಲಿ ತಾಯಿಯ ಹೆಸರು, ಪ್ಯಾನ್ ಎರಡೂ ಇದ್ದಿದ್ದು ತುಂಬಾ ಅನುಕೂಲವಾಯಿತು. ಆದರೂ ಅಧಿಕಾರಿ ಇನ್ನೊಂದು ಕೇಳಿದರು: ಈ 62,000 ನನ್ನದಲ್ಲ, ನನ್ನ ರಿಟರ್ನ್‌ನಲ್ಲಿ ಕ್ಲೇಮ್ ಮಾಡಿಲ್ಲ, ಮುಂದೆಯೂ ಮಾಡುವುದಿಲ್ಲ ಅಂತ ಮಗನ ಕಡೆಯಿಂದ ಪತ್ರ. ನ್ಯಾಯವೇ ಅಲ್ವಾ, ಅವರು ಕ್ಲೇಮ್ ಮಾಡಿದ್ದರೆ ಒಂದೇ ದುಡ್ಡಿಗೆ ಇಬ್ಬರು ಹಕ್ಕುದಾರರಾಗುತ್ತಾರೆ. ಮಗ ಅವತ್ತೇ ಬರೆದುಕೊಟ್ಟರು. ಒಂದು ಅಂಕಿ ಆಚೀಚೆಯಾಗಿ ಪ್ಯಾನ್ ಯಾರೋ ಅಪರಿಚಿತರದ್ದಾಗಿದ್ದರೆ ಈ ಪತ್ರ ತರುವುದೇ ದೊಡ್ಡ ಕಷ್ಟ.

ಆ ವರ್ಷ ರಿಟರ್ನ್ ಗಡುವು ಸೆಪ್ಟೆಂಬರ್ 16ರವರೆಗೆ ಮುಂದೆ ಹೋಗಿತ್ತು, ಅಷ್ಟರೊಳಗೆ ಕೆಲಸ ಮುಗಿಯಿತು. ಸ್ಟೇಟಸ್ "Processed" ಅಂತ ಬಂದರೂ ನಾನು ಸುಮ್ಮನಾಗಲಿಲ್ಲ. ಮಗನ 26ASನಿಂದ ದುಡ್ಡು ಹೋಗಿ ತಾಯಿಯದರಲ್ಲಿ ಕಾಣುವವರೆಗೂ ದಿನಾ ಕೇಳುತ್ತಿದ್ದೆ. ಕಂಡ ದಿನವೇ ಟಿಡಿಎಸ್ ಕಟ್ಟಿದ್ದಕ್ಕೆ ಮಾರಿದವರಿಗೆ ಕೊಡುವ ಪ್ರಮಾಣಪತ್ರವಾದ 16Bಯನ್ನು ಹೊಸದಾಗಿ ಡೌನ್‌ಲೋಡ್ ಮಾಡಿ ಚಿತ್ರದುರ್ಗಕ್ಕೆ ಹೋಗಿ ಆ ತಾಯಿಯ ಕೈಗೇ ಕೊಟ್ಟು ಬಂದೆ.